ಲೌಡ್‌ಸ್ಪೀಕರ್‌ನ್ಯಾಗ ಕೇಳಸ್ತದಲ್ರೀ!

ಅಂಗಡಿಗೆ ಬರೆಯುವ ದೂರಿನ ಪತ್ರಕ್ಕೆ ಓದುಗರು ಮೂವರು. ಮೊದಲನೆಯವ ಕೌಂಟರಿನ ಹಿಂದೆ ಕೂತ ಮಾಲೀಕ. ಅವನು ಒಪ್ಪಿಕೊಂಡರೆ ಅದೇ ಹಾಳೆಯ ಫೋಟೋ ವಾಟ್ಸ್ಆ್ಯಪಿನಲ್ಲಿ ಡಿಸ್ಟ್ರಿಬ್ಯೂಟರ್ ಹತ್ತಿರ ಹೋಗುತ್ತದೆ, ಆತ ಎರಡನೆಯವ. ಇಬ್ಬರೂ ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಫೈಲಿನಲ್ಲಿ ಆ ಹಾಳೆ ದಾಖಲೆಯಾಗಿ ಕೂರುತ್ತದೆ. ಅಲ್ಲಿ ಓದುವವರಿಗೆ ನಿಮ್ಮ ಮುಖ ಗೊತ್ತಿಲ್ಲ, ಸಿಟ್ಟೂ ಗೊತ್ತಿಲ್ಲ. ಸಹಕಾರಿ ಸಂಘದ ಗುಮಾಸ್ತನಾಗಿ ನಾನು ಓದಿರುವ, ಬೇರೆಯವರಿಗೆ ಬರೆದುಕೊಟ್ಟಿರುವ ಪತ್ರಗಳಲ್ಲಿ ಬಹಳಷ್ಟು ಮೊದಲ ಓದುಗನನ್ನು ಬೈಯುವುದರಲ್ಲೇ ಮುಗಿದುಹೋಗುತ್ತವೆ. ಉಳಿದಿಬ್ಬರಿಗೆ ಅದರಲ್ಲಿ ಏನೂ ಸಿಗುವುದಿಲ್ಲ.

ಈ ಫೆಬ್ರುವರಿಯಲ್ಲಿ ನಮ್ಮ ಕಾಕಾನ ಫೋನಿಗಾಗಿ ಬರೆದ ಪತ್ರವನ್ನು ಇಲ್ಲಿ ಪೂರ್ತಿ ಕೊಡುತ್ತಿದ್ದೇನೆ. ಕಾಕಾಂದು ತಿಕೋಟಾ ಕಡೆ ದ್ರಾಕ್ಷಿ ತೋಟ. ಫೆಬ್ರುವರಿ ಅಂದರೆ ಒಣದ್ರಾಕ್ಷಿಯ ಹಂಗಾಮು. ಶೆಡ್ಡಿನಲ್ಲಿ ಹಣ್ಣು ಒಣಗುತ್ತಿರುವಾಗ ಕೂಲಿಯವರು, ಗಾಡಿಯವರು, ವಿಜಯಪುರದ ದಲಾಲರು, ತಾಸಗಾಂವದ ವ್ಯಾಪಾರಿಗಳು ಎಲ್ಲರ ಜೊತೆಗೂ ಫೋನಿನಲ್ಲೇ ಮಾತು. ಹಳೆಯ ಫೋನಿನ ಬ್ಯಾಟರಿ ಊದಿಕೊಂಡಿತ್ತು. ಶಿವರಾತ್ರಿಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ವಿಜಯಪುರದ ಒಂದು ಅಂಗಡಿಯಲ್ಲಿ ಹದಿನೆಂಟು ಸಾವಿರ ಚಿಲ್ಲರೆಯ ಹೊಸ ಫೋನು ತಗೊಂಡ. ಅಂಗಡಿಯ ಹುಡುಗನೇ ಸೀಲ್ ಒಡೆದು, ಸಿಮ್ ಹಾಕಿ, ಗ್ಲಾಸ್ ಅಂಟಿಸಿ ಕೊಟ್ಟ. ಬಸ್ ಸ್ಟ್ಯಾಂಡಿನಿಂದ ಮನೆಗೆ ಫೋನ್ ಮಾಡಿದರೆ ಕಾಕೂ "ಹಲೋ, ಹಲೋ" ಅಂತ ಕೂಗಿ ಇಟ್ಟುಬಿಟ್ಟಳು. ಕಾಕಾಗೆ ಅವಳ ದನಿ ಸ್ವಚ್ಛ ಕೇಳುತ್ತಿತ್ತು. ಇವನ ದನಿ ಅವಳಿಗೆ ಮುಟ್ಟುತ್ತಿರಲಿಲ್ಲ.

ಅಲ್ಲಿಂದಲೇ ತಿರುಗಿ ಅಂಗಡಿಗೆ ಹೋದ. ಮಾಲೀಕ ಫೋನ್ ಇಸಗೊಂಡು ತನ್ನ ನಂಬರಿಗೇ ರಿಂಗ್ ಕೊಟ್ಟು, ಲೌಡ್‌ಸ್ಪೀಕರ್ ಹಾಕಿ, ಮಾತಾಡಿ ನೋಡಿದ. ಕೇಳಿಸಿತು.

"ಲೌಡ್‌ಸ್ಪೀಕರ್‌ನ್ಯಾಗ ಕೇಳಸ್ತದಲ್ರೀ ಕಾಕಾರ! ಪೀಸ್ ಛಲೋ ಐತಿ. ನೆಟ್‌ವರ್ಕ್ ಪ್ರಾಬ್ಲಂ ಅದು, ನಿಮ್ಮ ತ್ವಾಟದ ಕಡೆ ಟಾವರ್ ವೀಕ್ ಇರಬೇಕು."

ಕಾಕಾ ನಿಂತದ್ದು ಗಾಂಧಿ ಚೌಕದ ಸಮೀಪ, ತೋಟದಲ್ಲಲ್ಲ. ಆದರೆ ಎದುರಿಗೇ ಕೆಲಸ ಮಾಡಿದ ಫೋನಿನ ಮುಂದೆ ಏನು ವಾದ ಮಾಡಲಿಕ್ಕೆ ಬರುತ್ತದೆ? ಬಿಲ್ಲು ಕಿಸೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದ.

ಮಾಲೀಕ ಸುಳ್ಳು ಹೇಳಿರಲಿಲ್ಲ, ಅವನ ಪರೀಕ್ಷೆಯೇ ತಪ್ಪಾಗಿತ್ತು. ಇದು ನನಗೆ ತಿಳಿದದ್ದು ನನ್ನ ತಮ್ಮನಿಂದ. ಅವನದು ಮೊಬೈಲ್ ರಿಪೇರಿಯ ಅಂಗಡಿ. ಈಗಿನ ಹೆಚ್ಚಿನ ಫೋನುಗಳಲ್ಲಿ ಮೈಕು ಎರಡಿರುತ್ತವೆ. ಒಂದು ಕೆಳಗೆ, ಚಾರ್ಜಿಂಗ್ ಬಾಯಿಯ ಪಕ್ಕದ ಸಣ್ಣ ತೂತಿನ ಹಿಂದೆ. ಫೋನನ್ನು ಕಿವಿಗೆ ಹಿಡಿದಾಗ ಬಾಯಿಯ ಹತ್ತಿರ ಬರುವುದು ಇದೇ. ಇನ್ನೊಂದು ಮೇಲಿನ ಅಂಚಿನಲ್ಲಿ. ಸುತ್ತಲಿನ ಗದ್ದಲ ಹಿಡಿದು ಅದನ್ನು ಕಳೆಯುವುದು ಅದರ ಮುಖ್ಯ ಕೆಲಸ. ಲೌಡ್‌ಸ್ಪೀಕರ್ ಹಾಕಿದಾಗ, ವಿಡಿಯೋ ತೆಗೆಯುವಾಗ ಬಹಳಷ್ಟು ಫೋನುಗಳು ಮೇಲಿನದನ್ನು ಅಥವಾ ಎರಡನ್ನೂ ಬಳಸುತ್ತವೆ. ಹಾಗಾಗಿ ಕೆಳಗಿನ ಮೈಕು ಪೂರ್ತಿ ಸತ್ತಿದ್ದರೂ ಲೌಡ್‌ಸ್ಪೀಕರಿನಲ್ಲಿ ಮಾತು ಕೇಳಿಸಿಬಿಡುತ್ತದೆ. ಕಿವಿಗೆ ಹಿಡಿದರೆ ಮಾತ್ರ ಎದುರಿನವರಿಗೆ ಮೌನ.

ಭಾನುವಾರ ಶಿವರಾತ್ರಿ. ಉಪವಾಸದ ಕಾಕಾನನ್ನು ಕೂರಿಸಿಕೊಂಡು ತಮ್ಮ ಪರೀಕ್ಷೆ ಶುರು ಮಾಡಿದ. ಮೊದಲು ಸಣ್ಣಪುಟ್ಟ ಕಾರಣಗಳನ್ನೆಲ್ಲ ತೆಗೆದುಹಾಕಿದ. ಬ್ಲೂಟೂತ್ ಬಂದ್. ಪರದೆ ಮೇಲಿನಿಂದ ಇಳಿಸಿದರೆ ಸಿಗುವ ಮೈಕ್ ಬಟನ್ ಚಾಲೂ ಇದೆಯೋ ನೋಡಿದ. ಹಿಂಬದಿಯ ಕವರ್ ಕಳಚಿದ, ಯಾಕೆಂದರೆ ಅಗ್ಗದ ಕವರಿನ ತೂತು ಒಂದೆಳೆ ಸರಿದಿದ್ದರೂ ಮೈಕಿನ ಬಾಯಿ ಮುಚ್ಚುತ್ತದೆ. ಕಂಪನಿಯಿಂದ ಅಂಟಿ ಬರುವ ತೆಳು ಪ್ಲಾಸ್ಟಿಕ್ ಹಾಳೆ ಕೆಳ ಅಂಚಿನಲ್ಲಿ ಉಳಿದಿಲ್ಲ ಅಂತ ಟಾರ್ಚ್ ಹಾಕಿ ಖಾತ್ರಿ ಮಾಡಿಕೊಂಡ. ಬಾಕಿ ಇದ್ದ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ. ಸೇಫ್ ಮೋಡಿನಲ್ಲಿ ಫೋನ್ ಚಾಲೂ ಮಾಡಿ, ನಾವು ಹಾಕಿಕೊಂಡ ಆ್ಯಪುಗಳು ಯಾವುವೂ ಓಡದ ಸ್ಥಿತಿಯಲ್ಲೂ ನೋಡಿದ. ಮೌನ ಮೌನವೇ.

ಆಮೇಲೆ ಮಾಡಿದ ಪರೀಕ್ಷೆಯೇ ಈ ಇಡೀ ಪ್ರಕರಣದ ಬೆನ್ನೆಲುಬು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಅದರಲ್ಲೇ ಇರುವ ವಾಯ್ಸ್ ರೆಕಾರ್ಡರ್ ತೆಗೆದು ಹತ್ತು ಸೆಕೆಂಡು ಮಾತಾಡಿಸಿದ. ತಿರುಗಿ ಹಾಕಿದರೆ ದನಿಯೇ ಇಲ್ಲ. ಏರೋಪ್ಲೇನ್ ಮೋಡಿನಲ್ಲಿ ಟವರಿನ ಸಂಬಂಧವೇ ಇರುವುದಿಲ್ಲ. ಮುಗಿಯಿತು, ನೆಟ್‌ವರ್ಕಿನ ಮಾತು ಅಲ್ಲಿಗೇ ಬಿತ್ತು. ಕಡೆಗೆ ಕಾಕಾನ ಸಿಮ್ ತೆಗೆದು ನನ್ನ ಫೋನಿಗೆ ಹಾಕಿ ಕಾಕೂಗೆ ರಿಂಗ್ ಕೊಟ್ಟೆವು. ಅವಳಿಗೆ ಎಲ್ಲಾ ಸರಿಯಾಗಿ ಕೇಳಿಸಿತು.

ಇದನ್ನೆಲ್ಲ ಮತ್ತೊಂದು ಫೋನಿನಲ್ಲಿ ಒಂದೇ ಓಟದ ವಿಡಿಯೋ ಮಾಡಿದೆವು, ನಡುವೆ ಎಲ್ಲೂ ಕತ್ತರಿಸದೆ. ಮೊದಲು `*#06#` ಒತ್ತಿ ಐಎಂಇಐ ನಂಬರ್ ಪರದೆಯ ಮೇಲೆ ತೋರಿಸಿ, ಪಕ್ಕದಲ್ಲಿ ಬಾಕ್ಸಿನ ಸ್ಟಿಕರ್ ಹಿಡಿದು, ನಂತರ ಏರೋಪ್ಲೇನ್ ಮೋಡ್, ನಂತರ ರೆಕಾರ್ಡಿಂಗ್. ಐಎಂಇಐ ಅಂದರೆ ಪ್ರತಿ ಫೋನಿಗೂ ಬೇರೆಯೇ ಇರುವ 15 ಅಂಕಿಯ ನಂಬರು. ಎರಡು ಸಿಮ್ಮಿನ ಫೋನಿಗೆ ಎರಡು. ಫೋನು, ಬಾಕ್ಸು, ಬಿಲ್ಲು ಮೂರರಲ್ಲೂ ಅದು ಒಂದೇ ಇರಬೇಕು. ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಿದ್ದರೂ "ಈ ಪೀಸ್ ನಮ್ಮದಲ್ಲ" ಅನ್ನುವುದಕ್ಕೆ ದಾರಿ ಸಿಕ್ಕಂತೆ. ಕಾಕಾನ ಬಿಲ್ಲಿನಲ್ಲಿ ಸರಿ ಇತ್ತು.

ಈ ನಡುವೆ ನನ್ನ ತಮ್ಮ ಆ ಫೋನಿನ ಕೆಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ ಹುಬ್ಬೇರಿಸಿದ. ಆ ಮಾಡೆಲಿನಲ್ಲಿ ಸಿಮ್ ಟ್ರೇ ಕೆಳಗೇ ಇದೆ. ಟ್ರೇ ತೆಗೆಯಲು ಪಿನ್ ಚುಚ್ಚುವ ತೂತೂ ಮೈಕಿನ ತೂತೂ ಬೆರಳಳತೆಯ ಅಂತರದಲ್ಲಿವೆ, ನೋಡಲಿಕ್ಕೂ ಒಂದೇ ಥರ. "ಅಣ್ಣಾ, ನನ್ನ ಅಂಗಡಿಗೆ ಬರೂ ಮೈಕ್ ಕೇಸಿನ್ಯಾಗ ಎಷ್ಟೋ ಹಿಂಗ ಪಿನ್ ತಪ್ಪು ತೂತಿಗೆ ಚುಚ್ಚಿದ್ದ ಇರ್ತಾವು," ಅಂದ. ತೂತಿನ ಹಿಂದೆ ಜಾಳಿಗೆ, ಅದರ ಹಿಂದೆ ತೆಳು ಪೊರೆಯ ಮೈಕು. ಪಿನ್ ನೆಟ್ಟಗೆ ಹೊಕ್ಕರೆ ಪೊರೆ ಹರಿಯುತ್ತದೆ. ಮೈಕು ಕಂಪನಿಯಲ್ಲೇ ಸತ್ತು ಬರುವುದೂ ಉಂಟು. ಅದು ಇರುವುದು ಚಾರ್ಜಿಂಗ್ ಬಾಯಿಯ ಸಣ್ಣ ಬೋರ್ಡಿನ ಮೇಲೆ. ಅಲ್ಲಿಂದ ಮುಖ್ಯ ಬೋರ್ಡಿಗೆ ಹೋಗುವ ತೆಳು ಪಟ್ಟಿ ಸರಿಯಾಗಿ ಕೂತಿರದಿದ್ದರೂ ಹೀಗೇ ಆಗುತ್ತದೆ.

ಕಾಕಾನ ಫೋನಿನಲ್ಲಿ ಜಾಳಿಗೆ ಹರಿದಂತೆ ಕಾಣಲಿಲ್ಲ. ಆದರೂ ಈ ಸಂಗತಿ ಪತ್ರದಲ್ಲಿ ಬರಲೇಬೇಕು ಅನ್ನಿಸಿತು. ಸರ್ವಿಸ್ ಸೆಂಟರಿನವರು ನಾಳೆ "ಪಿನ್ ಚುಚ್ಚಿದ್ದೀರಿ, ಇದು ಫಿಸಿಕಲ್ ಡ್ಯಾಮೇಜ್, ವಾರಂಟಿ ಇಲ್ಲ" ಅಂದರೆ? ಸಿಮ್ ಹಾಕಿದ್ದು ಅಂಗಡಿಯ ಹುಡುಗ. ಅದನ್ನು ಇಂದೇ ಬರೆದಿಡದಿದ್ದರೆ ನಾಳೆ ಯಾರೂ ನಂಬುವುದಿಲ್ಲ. ಹಾಗಂತ ಹುಡುಗನ ಮೇಲೆ ಆರೋಪ ಹೊರಿಸಬಾರದು, ಕಂಡಿಲ್ಲದ್ದನ್ನು ಬರೆಯಬಾರದು. ಸಿಮ್ ನಿಮ್ಮಲ್ಲೇ ಹಾಕಲಾಯಿತು ಅನ್ನುವುದಷ್ಟೇ ನಮಗೆ ಗೊತ್ತಿದ್ದ ಸತ್ಯ. ಅಷ್ಟೇ ಬರೆದೆವು. ನಾವು ಸಿಮ್ ತೆಗೆದದ್ದನ್ನೂ ವಿಡಿಯೋದಲ್ಲಿ ಮುಚ್ಚಿಡಲಿಲ್ಲ. ಪಿನ್ ಯಾವ ತೂತಿಗೆ ಹೋಯಿತು ಅನ್ನುವುದು ಅದರಲ್ಲಿ ಕಾಣುತ್ತದೆ.

ಇನ್ನು ಅಂಗಡಿಯವನ ಕಡೆಯ ಲೆಕ್ಕ. ಇದು ತಿಳಿಯದೆ ಬರೆದ ಪತ್ರ ಗುರಿ ತಪ್ಪುತ್ತದೆ. ಪೆಟ್ಟಿಗೆಯಿಂದ ತೆಗೆದಾಗಲೇ ಕೆಟ್ಟಿರುವ ಫೋನಿಗೆ ಈ ಧಂದೆಯಲ್ಲಿ 'ಡಿಓಎ' ಅನ್ನುತ್ತಾರೆ. ಕಂಪನಿಯ ಸರ್ವಿಸ್ ಸೆಂಟರ್ ಪರೀಕ್ಷಿಸಿ ಡಿಓಎ ಸರ್ಟಿಫಿಕೇಟ್ ಕೊಟ್ಟರೆ, ಅಂಗಡಿಯವ ಆ ಪೀಸನ್ನು ಬಾಕ್ಸ್ ಸಮೇತ ಡಿಸ್ಟ್ರಿಬ್ಯೂಟರಿಗೆ ಮರಳಿಸಿ ತನ್ನ ದುಡ್ಡು ಜಮಾ ಮಾಡಿಸಿಕೊಳ್ಳಬಹುದು. ಸರ್ಟಿಫಿಕೇಟ್ ಇಲ್ಲದೆ ಬದಲಿ ಫೋನ್ ಕೊಟ್ಟರೆ, ಸೀಲ್ ಒಡೆದ ಕೆಟ್ಟ ಪೀಸ್ ಅವನ ಕಪಾಟಿನಲ್ಲೇ ಉಳಿಯುತ್ತದೆ. ಒಂದು ಫೋನಿನ ಮೇಲೆ ಸಣ್ಣ ಅಂಗಡಿಯವನಿಗೆ ಉಳಿಯುವ ಲಾಭ ನೋಡಿದರೆ, ಇಂಥ ಒಂದು ಪೀಸಿನ ನಷ್ಟ ತುಂಬಲು ಅದೆಷ್ಟು ಫೋನ್ ಮಾರಬೇಕೋ. ಅವನ ಮೊಂಡುತನದ ಹಿಂದೆ ಇರುವುದು ಬಹುಮಟ್ಟಿಗೆ ಇದೇ ಅಂಜಿಕೆ. ಡಿಓಎ ಅವಧಿಯೂ ಸಣ್ಣದು. ಬಿಲ್ಲಿನ ತಾರೀಖಿನಿಂದ ಏಳು ದಿನ ಅನ್ನುವ ಕಂಪನಿಗಳು ಬಹಳ, ಕೆಲವು ಇನ್ನೂ ಸ್ವಲ್ಪ ಹೆಚ್ಚು ಕೊಡುತ್ತವೆ. ಅದು ದಾಟಿತೋ, ಉಳಿಯುವುದು ವಾರಂಟಿ ರಿಪೇರಿ ಮಾತ್ರ. "ನೋಡೂಣು, ಎರಡು ದಿನ ಬಳಸ್ರಿ, ಸೆಟ್ ಆಗ್ತದ" ಅನ್ನುವ ಮಾತು ಅಪಾಯಕಾರಿಯಾಗುವುದು ಇಲ್ಲಿಯೇ. ಮೈಕು ಬಳಸಿದರೆ ಸೆಟ್ ಆಗುವ ವಸ್ತುವಲ್ಲ.

ಕಾಕಾಗೆ ಪತ್ರದಲ್ಲಿ ಬೇಕಾಗಿದ್ದು ಬೇರೆ. "ಕೋರ್ಟಿಗೆ ಎಳೀತೀನಿ ಅಂತ ಬರಿ ತಮ್ಮಾ. ಹಂಗಾಮಿನ್ಯಾಗ ನನ್ನ ಎಷ್ಟು ಸೌದಾ ಕೆಟ್ಟಾವು ಬರಿ. ಐವತ್ತು ಸಾವಿರ ಪರಿಹಾರ ಕೇಳು." ನಾನು ಬರೆಯಲಿಲ್ಲ. ಸೌದಾ ಕೆಟ್ಟಿದ್ದಕ್ಕೆ ಕಾಗದದ ಪುರಾವೆ ಇರಲಿಲ್ಲ, ಮೇಲಾಗಿ ಫೋನ್ ಕೊಂಡು ಒಂದು ದಿನವಷ್ಟೇ ಆಗಿತ್ತು. ಪುರಾವೆ ಇಲ್ಲದ ಒಂದು ಸಾಲು ಪತ್ರದಲ್ಲಿದ್ದರೆ ಪುರಾವೆ ಇರುವ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. "ನಿಮ್ಮ ಒಣದ್ರಾಕ್ಷಿ ಬಾಕ್ಸಿನ್ಯಾಗ ಮ್ಯಾಲಿನ ಪದರಿಗೆ ನಾಕು ಕಪ್ಪು ಕಂಡ್ರ ದಲಾಲ ಇಡೀ ಲಾಟಿನ ರೇಟ್ ಇಳಸ್ತಾನಲ್ಲ ಕಾಕಾ, ಹಂಗ," ಅಂದೆ. ಅದು ಅವನಿಗೆ ಹಿಡಿಸಿತು. ಸುಮ್ಮನಾದ.

ಪತ್ರ ಹೀಗಿತ್ತು. ಹೆಸರು, ವಿಳಾಸ, ನಂಬರುಗಳನ್ನು ತೆಗೆದಿದ್ದೇನೆ.

"ದಿನಾಂಕ: 16-2-2026, ವಿಜಯಪುರ

ಇವರಿಗೆ,
ಮಾಲೀಕರು, (ಅಂಗಡಿಯ ಹೆಸರು, ವಿಳಾಸ)

ವಿಷಯ: ದಿ. 14-2-2026ರಂದು ನಿಮ್ಮಲ್ಲಿ ಕೊಂಡ ಹೊಸ ಫೋನಿನ ಮೈಕ್ ಮೊದಲ ದಿನದಿಂದಲೇ ಕೆಲಸ ಮಾಡದಿರುವುದು. ಬದಲಿ ಫೋನ್ ಕೊಡುವ ಕುರಿತು.

ಮಾನ್ಯರೇ,

ದಿ. 14-2-2026ರಂದು ಬಿಲ್ ನಂ. (...) ಮೂಲಕ ನಿಮ್ಮ ಅಂಗಡಿಯಲ್ಲಿ (ಕಂಪನಿ, ಮಾಡೆಲ್, ಬಣ್ಣ, ಮೆಮೊರಿ) ಫೋನನ್ನು ರೂ. 18,499 ಯುಪಿಐ ಮೂಲಕ ಪಾವತಿಸಿ ಕೊಂಡಿದ್ದೇನೆ. ಐಎಂಇಐ 1: (...), ಐಎಂಇಐ 2: (...). ಬಾಕ್ಸಿನ ಸೀಲ್ ಒಡೆದು ಸಿಮ್ ಹಾಕಿ ಕೊಟ್ಟವರು ನಿಮ್ಮ ಅಂಗಡಿಯ ಸಿಬ್ಬಂದಿ.

ಅದೇ ದಿನ ಮೊದಲ ಕರೆಯಿಂದಲೇ, ಫೋನನ್ನು ಕಿವಿಗೆ ಹಿಡಿದು ಮಾತಾಡಿದರೆ ಎದುರಿನವರಿಗೆ ನನ್ನ ದನಿ ಕೇಳಿಸುತ್ತಿಲ್ಲ. ಅವರ ದನಿ ನನಗೆ ಕೇಳಿಸುತ್ತದೆ. ಅಂದು ಸಂಜೆಯೇ ಅಂಗಡಿಗೆ ಬಂದು ತಿಳಿಸಿದ್ದೆ. ನೀವು ಲೌಡ್‌ಸ್ಪೀಕರಿನಲ್ಲಿ ಪರೀಕ್ಷಿಸಿದಾಗ ದನಿ ಕೇಳಿಸಿತು. ಲೌಡ್‌ಸ್ಪೀಕರ್ ಇಲ್ಲದೆ ಪರೀಕ್ಷಿಸಿರಲಿಲ್ಲ.

ಏರೋಪ್ಲೇನ್ ಮೋಡಿನಲ್ಲಿ, ಅಂದರೆ ನೆಟ್‌ವರ್ಕ್ ಇಲ್ಲದೆ, ಫೋನಿನ ವಾಯ್ಸ್ ರೆಕಾರ್ಡರಿನಲ್ಲಿ ಮಾಡಿದ ರೆಕಾರ್ಡಿಂಗಿನಲ್ಲೂ ದನಿ ಬರುತ್ತಿಲ್ಲ. ಇದೇ ಸಿಮ್ ಬೇರೆ ಫೋನಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದೆ. ಆದ್ದರಿಂದ ದೋಷ ಫೋನಿನ ಕೆಳಗಿನ ಮೈಕಿನ ಭಾಗದಲ್ಲಿದೆ ಎಂದು ಕಾಣುತ್ತದೆ. ಪರೀಕ್ಷೆಯ ವಿಡಿಯೋವನ್ನು ನಿಮ್ಮ ಅಂಗಡಿಯ ವಾಟ್ಸ್ಆ್ಯಪ್ ನಂಬರಿಗೆ ಕಳಿಸಿದ್ದೇನೆ. ಫೋನು ಬಿದ್ದಿಲ್ಲ, ನೀರು ತಗುಲಿಲ್ಲ, ಬಿಚ್ಚಿಲ್ಲ. ಬಾಕ್ಸ್, ಚಾರ್ಜರ್, ಕೇಬಲ್, ಪಿನ್ ಎಲ್ಲವೂ ಇವೆ.

ಈ ಫೋನನ್ನು ಹಿಂಪಡೆದು, ಇದೇ ಮಾಡೆಲಿನ ಸೀಲ್ ಇರುವ ಹೊಸ ಫೋನ್ ಕೊಡಬೇಕೆಂದು ಕೋರುತ್ತೇನೆ. ಅದು ದಾಸ್ತಾನಿನಲ್ಲಿ ಇಲ್ಲದಿದ್ದರೆ ಪೂರ್ತಿ ಹಣ ಮರಳಿಸಬೇಕು. ಫೋನನ್ನು ಬಿಚ್ಚಿ ದುರಸ್ತಿ ಮಾಡಲು ನನ್ನ ಒಪ್ಪಿಗೆ ಇಲ್ಲ. ಕಂಪನಿಯ ಸರ್ವಿಸ್ ಸೆಂಟರಿನ ಪರೀಕ್ಷೆ ಬೇಕಿದ್ದರೆ ಫೋನನ್ನು ಅಲ್ಲಿಗೆ ಒಯ್ಯಲು ಸಿದ್ಧನಿದ್ದೇನೆ.

ದಿ. 21-2-2026ರ ಒಳಗೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ. ದೋಷವಿರುವ ವಸ್ತುವನ್ನು ಹಿಂಪಡೆಯಲು ನಿರಾಕರಿಸುವುದರ ಬಗ್ಗೆ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಕಲಂ 2(47) ಹೇಳುವುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ಮೊಬೈಲ್ ನಂಬರ್)

ಲಗತ್ತು: ಬಿಲ್ಲಿನ ಝೆರಾಕ್ಸ್, ಬಾಕ್ಸಿನ ಸ್ಟಿಕರಿನ ಫೋಟೋ."

ಇದರಲ್ಲಿ ಕೆಲವು ಸಾಲುಗಳ ಬಗ್ಗೆ ಹೇಳಬೇಕು. "ಕೆಳಗಿನ ಮೈಕಿನ ಭಾಗದಲ್ಲಿದೆ ಎಂದು ಕಾಣುತ್ತದೆ" ಅಂತ ಬರೆದೆ, "ಮೈಕ್ ಹೋಗಿದೆ" ಅಂತಲ್ಲ. ಕಾರಣ ಹುಡುಕುವುದು ಸರ್ವಿಸ್ ಸೆಂಟರಿನ ಕೆಲಸ. ನಾವು ಮೈಕು ಅಂದು, ಅವರು ತೆಗೆದು ನೋಡಿ ಅದು ತೆಳು ಪಟ್ಟಿಯ ದೋಷ ಅಂದರೆ, ನಮ್ಮ ಪತ್ರ ಸುಮ್ಮನೆ ಸುಳ್ಳಾಗುತ್ತದೆ. ಏನು ಮಾಡಿದಾಗ ಏನಾಗುತ್ತದೆ ಅನ್ನುವ ಸಾಲು ಮಾತ್ರ ಯಾರು ಪರೀಕ್ಷಿಸಿದರೂ ನಿಲ್ಲುತ್ತದೆ. ಲೌಡ್‌ಸ್ಪೀಕರಿನಲ್ಲಿ ಕೇಳಿಸಿತು ಅನ್ನುವುದನ್ನು ನಾವೇ ಒಪ್ಪಿಕೊಂಡು ಬರೆದದ್ದೂ ಲೆಕ್ಕ ಹಾಕಿಯೇ. ಅದನ್ನು ಬಿಟ್ಟಿದ್ದರೆ ಮಾಲೀಕನ ಮೊದಲ ಉತ್ತರವೇ ಅದಾಗಿರುತ್ತಿತ್ತು.

ದುರಸ್ತಿಗೆ ಒಪ್ಪಿಗೆ ಇಲ್ಲ ಅನ್ನುವ ಸಾಲು ಎಲ್ಲಕ್ಕಿಂತ ತೂಕದ್ದು. ಸರ್ವಿಸ್ ಸೆಂಟರಿನಲ್ಲಿ ಫೋನ್ ಒಮ್ಮೆ ಬಿಚ್ಚಿ ಸಣ್ಣ ಬೋರ್ಡ್ ಬದಲಾಯಿಸಿದರೆ ಮೈಕು ಕೆಲಸ ಮಾಡಬಹುದು, ಆದರೆ ಅಲ್ಲಿಂದ ಮುಂದೆ ಅದು ಡಿಓಎ ಅಲ್ಲ, ರಿಪೇರಿಯಾದ ಫೋನು. ಬದಲಿ ಕೇಳುವ ದಾರಿ ಬಹಳ ಕಿರಿದಾಗುತ್ತದೆ.

ಕಾಯ್ದೆಗೆ ಒಂದೇ ಸಾಲು, ಅದೂ ಕೊನೆಗೆ. ಕಲಂ 2(47) 'ಅನುಚಿತ ವ್ಯಾಪಾರ ಪದ್ಧತಿ'ಗಳ ಪಟ್ಟಿ ಕೊಡುತ್ತದೆ. ಮಾರಿದ ದೋಷಯುಕ್ತ ವಸ್ತುವನ್ನು ಹಿಂಪಡೆದು ಹಣ ಮರಳಿಸಲು, ಬಿಲ್ಲಿನಲ್ಲಿ ನಮೂದಿಸಿದ ಅವಧಿಯಲ್ಲಿ, ಅವಧಿ ನಮೂದಿಸದಿದ್ದರೆ 30 ದಿನಗಳಲ್ಲಿ, ನಿರಾಕರಿಸುವುದೂ ಅದರಲ್ಲಿದೆ. ಕಾಕಾನ ಬಿಲ್ಲಿನ ಕೆಳಗೆ 'ಮಾರಿದ ಮಾಲು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ' ಅಂತ ಅಚ್ಚಾಗಿತ್ತು. ದೋಷವಿರುವ ಮಾಲಿನ ಮುಂದೆ ಆ ಸಾಲು ಕಾಯ್ದೆಯನ್ನು ಮೀರಲಾರದು. ಆದರೆ ಇಲ್ಲೊಂದು ಮಿತಿಯೂ ಇದೆ: ಈ ಕಲಮು ದೋಷದ ಮಾತಾಡುತ್ತದೆ. ಬಣ್ಣ ಹಿಡಿಸಲಿಲ್ಲ, ಆನ್‌ಲೈನಿನಲ್ಲಿ ಎರಡು ಸಾವಿರ ಕಡಿಮೆ ಕಂಡಿತು ಅನ್ನುವವರಿಗೆ ಇದು ಒದಗುವುದಿಲ್ಲ. ದೋಷ ಇದೆ ಅನ್ನುವುದನ್ನು ತೋರಿಸುವ ಹೊರೆ ಮೊದಲು ನಮ್ಮ ಮೇಲೆಯೇ.

ಸೋಮವಾರ ಎರಡು ಪ್ರತಿ ತಗೊಂಡು ಕಾಕಾನ ಜೊತೆ ಹೋದೆ. ಒಂದು ಪ್ರತಿ ಅವರಿಗೆ. ಇನ್ನೊಂದರ ಮೇಲೆ ಅಂಗಡಿಯ ಸಿಕ್ಕಾ, ತಾರೀಖು, ಸಹಿ. ಸಹಿ ಮಾಡಲಿಕ್ಕೆ ಮಾಲೀಕ ಹಿಂದೆಮುಂದೆ ನೋಡಿದ. "ಸಹಿ ಮಾಡಿದ್ರ ನೀವು ಒಪ್ಪಿದಂಗಲ್ರೀ, ಪತ್ರ ಮುಟ್ಟೇತಿ ಅಂತ ಅಷ್ಟ," ಅಂದೆ. ಮಾಡಿದ. ಮಾಡದಿದ್ದರೆ ಸ್ಪೀಡ್ ಪೋಸ್ಟ್ ಮಾಡುವುದಿತ್ತು. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ವಿಲೀನವಾಗಿದೆ. ಮುಟ್ಟಿದ್ದಕ್ಕೆ ಪುರಾವೆ ಅಲ್ಲೇ ಕೇಳಬೇಕು. ಪತ್ರ ಓದಿದ ಮೇಲೆ ಮಾಲೀಕನೇ ಲೌಡ್‌ಸ್ಪೀಕರ್ ತೆಗೆದು ಕಿವಿಗೆ ಹಿಡಿದು ಹುಡುಗನ ಜೊತೆ ಮಾತಾಡಿ ನೋಡಿದ. ಹುಡುಗ ನಾಲ್ಕು ಹೆಜ್ಜೆ ಆಚೆ ನಿಂತು "ಏನೂ ಕೇಳಸವಲ್ದು ಸರ" ಅಂದ. ಮಾಲೀಕನ ದನಿ ಮೆತ್ತಗಾಯಿತು. "ಆತ್ರೀ ಕಾಕಾರ, ಡಿಓಎ ಮಾಡಿಸ್ಕೊಂಡು ಬರ್ರಿ, ನಾ ಪೀಸ್ ಕೊಡ್ತೀನಿ."

ಸರ್ವಿಸ್ ಸೆಂಟರಿಗೆ ಹೋಗುವ ಮೊದಲು ನನ್ನ ತಮ್ಮ ಆ ಫೋನಿನ ಫೋಟೋ, ನಂಬರುಗಳನ್ನು ಬೇರೆಡೆ ಉಳಿಸಿ, ಯುಪಿಐ ಆ್ಯಪುಗಳನ್ನು ತೆಗೆದು, ಗೂಗಲ್ ಖಾತೆಯಿಂದ ಹೊರಬಂದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿದ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನು ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತ ಬೀಗ ಹಾಕಿಕೊಂಡು ಕೂರಬಹುದು; ಅಂಥ ಪೀಸನ್ನು ಸೆಂಟರಿನವರು ಡಿಓಎಗೆ ತಗೊಳ್ಳದೆಯೂ ಇರಬಹುದು. ರೀಸೆಟ್ ಆದ ಮೇಲೆ ಮತ್ತೊಮ್ಮೆ ರೆಕಾರ್ಡರಿನಲ್ಲಿ ನೋಡಿದ. ದೋಷ ಹಾಗೇ ಇತ್ತು, ಅದನ್ನೂ ವಿಡಿಯೋ ಮಾಡಿಟ್ಟ.

ಸೆಂಟರಿನಲ್ಲಿ ನೋಡಬೇಕಾದ್ದು ಜಾಬ್ ಶೀಟು. ಅದರಲ್ಲಿ ಗ್ರಾಹಕ ಹೇಳಿದ ದೂರಿಗೆ ಒಂದು ಜಾಗ, ಇಂಜಿನಿಯರ್ ಕಂಡದ್ದಕ್ಕೆ ಇನ್ನೊಂದು ಜಾಗ ಇರುತ್ತದೆ. ಕೌಂಟರಿನ ಹುಡುಗಿ ದೂರಿನ ಜಾಗದಲ್ಲಿ "ಕಾಲ್ ಪ್ರಾಬ್ಲಂ" ಅಂತ ಬರೆದಿದ್ದಳು. "ಅಕ್ಕಾರ, ಲೌಡ್‌ಸ್ಪೀಕರ್ ಇಲ್ದ ಮೈಕ್ ಬರಂಗಿಲ್ಲ, ರೆಕಾರ್ಡರ್‌ನ್ಯಾಗೂ ಬರಂಗಿಲ್ಲ ಅಂತ ಬರೀರಿ," ಅಂತ ತಮ್ಮ ತಿದ್ದಿಸಿದ. ಕಾಲ್ ಪ್ರಾಬ್ಲಂ ಅಂತ ಒಳಗೆ ಹೋದ ಫೋನು, ಕಾಲ್ ಹತ್ತಿತು ಅನ್ನುವಷ್ಟಕ್ಕೆ 'ದೋಷ ಕಂಡುಬಂದಿಲ್ಲ' ಅಂತ ಹೊರಗೆ ಬರಬಹುದು. ಇಷ್ಟಾದರೂ ಮೊದಲ ಸಲ ಅವರು ಸಾಫ್ಟ್‌ವೇರ್ ಮತ್ತೆ ತುಂಬಿ "ಆಗೇತಿ, ಒಯ್ರಿ" ಅಂದರು. ತಮ್ಮ ಅಲ್ಲೇ ಕೌಂಟರ್ ಮುಂದೆ ಏರೋಪ್ಲೇನ್ ಮೋಡಿನ ರೆಕಾರ್ಡಿಂಗ್ ಮಾಡಿ ತೋರಿಸಿದ. ಫೋನು ಮತ್ತೆ ಒಳಗೆ ಹೋಯಿತು. ಸಿಮ್ ಟ್ರೇ ಜಾಗದಲ್ಲಿ ನೀರು ತಾಗಿದರೆ ಕೆಂಪಾಗುವ ಸಣ್ಣ ಬಿಳಿ ಪಟ್ಟಿ ಇರುತ್ತದೆ, ಅದು ಬಿಳಿಯಾಗೇ ಇತ್ತು. ಮೈಕಿನ ಜಾಳಿಗೆಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಹರಿದಿರಲಿಲ್ಲ. ಹರಿದಿದ್ದರೆ ಈ ಕತೆ ಅಲ್ಲಿಂದ ಅಂಗಡಿಯ ಹುಡುಗನ ಕಡೆ ತಿರುಗುತ್ತಿತ್ತು, ಮತ್ತು ಅದು ಸುಲಭದ ಹಾದಿಯಾಗಿರುತ್ತಿರಲಿಲ್ಲ. ಮುಖ್ಯ ಮೈಕ್ ಕೆಲಸ ಮಾಡುತ್ತಿಲ್ಲ ಅಂತ ಬರೆದ ಡಿಓಎ ಸರ್ಟಿಫಿಕೇಟ್ ಸಿಕ್ಕಿತು.

ಸಿಗದೇ ಹೋಗಿದ್ದರೆ? ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆದೇಶ ಮಾಡುವವರಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುತ್ತಾರೆ. ದೊಡ್ಡ ಕಂಪನಿಗಳ ವಿಷಯದಲ್ಲಿ ಅಷ್ಟೇ ಸಾಕಾಗುವುದುಂಟು. ಆಮೇಲೆ ಜಿಲ್ಲಾ ಆಯೋಗ, ವಿಜಯಪುರದಲ್ಲೇ ಇದೆ. 2019ರ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಬೆಂಗಳೂರಿನದಾದರೂ ಸರಿ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಒಳಗೆ ಕೊಡಬೇಕು. ಅಂಗಡಿಯವನನ್ನೂ ತಯಾರಕ ಕಂಪನಿಯನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬಹುದು. ಆಯೋಗಕ್ಕೆ ದೋಷ ಸರಿಪಡಿಸಲು, ವಸ್ತು ಬದಲಿಸಲು, ಬೆಲೆ ಮರಳಿಸಲು, ಈ ಮೂರಕ್ಕೂ ಆದೇಶಿಸುವ ಅಧಿಕಾರವಿದೆ. ಹಾಗಾಗಿ ಬದಲಿಯೇ ಸಿಗುತ್ತದೆ ಅಂತ ಯಾರೂ ಮಾತು ಕೊಡಲಾರರು. ಕಾಯ್ದೆ ಹೇಳುವ ಕಾಲಮಿತಿ ಮೂರು ತಿಂಗಳು, ವಸ್ತುವಿನ ಪರೀಕ್ಷೆ ಬೇಕಾದರೆ ಐದು. ನಿಜದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವುದು ಹೊಸ ಸುದ್ದಿಯೇನಲ್ಲ. ಒಣದ್ರಾಕ್ಷಿ ಹಂಗಾಮು ಅಷ್ಟು ಕಾಯುವುದಿಲ್ಲ. ಹಾಗಾಗಿಯೇ ನನ್ನ ಶ್ರಮವನ್ನೆಲ್ಲ ಮೊದಲ ಪತ್ರಕ್ಕೆ ಹಾಕುತ್ತೇನೆ.

ಸಾಲದ ಮೇಲೆ, ಕಂತಿನಲ್ಲಿ ಫೋನ್ ಕೊಂಡವರಿಗೆ ಒಂದು ಮಾತು. ಫೋನ್ ಕೆಟ್ಟಿದೆ ಅಂತ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟವರು ಬೇರೆ, ಫೋನ್ ಮಾರಿದವರು ಬೇರೆ. ಕಂತು ತಪ್ಪಿದರೆ ದಂಡ ಬೀಳುವುದು ನಿಮ್ಮ ತಲೆಗೆ. ಬದಲಿ ಫೋನ್ ಬಂದಾಗ ಅದರ ಹೊಸ ಐಎಂಇಐಯನ್ನು ಸಾಲದ ಕಂಪನಿಗೆ ಬರೆದು ತಿಳಿಸಿ. ಅಂಗಡಿಯಲ್ಲಿ ಇನ್ಶುರೆನ್ಸ್ ಮಾಡಿಸಿದ್ದರೆ ಅವರಿಗೂ. ಹಳೆಯ ನಂಬರಿನ ಮೇಲಿರುವ ಇನ್ಶುರೆನ್ಸು ಹೊಸ ಫೋನಿನ ಒಡೆದ ಗಾಜಿಗೆ ದುಡ್ಡು ಕೊಡುವುದಿಲ್ಲ.

ಅಂಗಡಿಯಲ್ಲಿ ಅದೇ ಮಾಡೆಲ್ ಇತ್ತು, ಕಾಕಾ ಆರಿಸಿದ ನೀಲಿ ಬಣ್ಣ ಇರಲಿಲ್ಲ. ಕಪ್ಪು ತಗೊಳ್ಳಿರಿ ಅಂದರು. ಕಾಕಾ ಎರಡು ದಿನ ಕಾಯುತ್ತೇನೆ ಅಂದ, ನೀಲಿ ಬಂತು. ಸೀಲ್ ಒಡೆಯುವ ಮೊದಲು ಬಾಕ್ಸಿನ ಐಎಂಇಐ ಬರೆದುಕೊಂಡೆವು. ಸಿಮ್ ಹಾಕಲು ಹುಡುಗ ಪಿನ್ ಎತ್ತಿಕೊಂಡಾಗ ಮಾಲೀಕನೇ "ತೂತು ನೋಡಿ ಹಾಕಲೇ" ಅಂತ ಗದರಿಸಿದ. ಕಾಕಾ ಲೌಡ್‌ಸ್ಪೀಕರ್ ಹಾಕದೆ ಕಾಕೂಗೆ ಫೋನ್ ಮಾಡಿ, ಕೇಳಸ್ತದೋ ಇಲ್ಲೋ ಅಂತ ಮೂರು ಸಲ ಕೇಳಿ, ಆಮೇಲೆ ಗ್ಲಾಸ್ ಅಂಟಿಸಲಿಕ್ಕೆ ಕೊಟ್ಟ.

ಹೊಸ ಬಿಲ್ಲಿನ ವಿಷಯದಲ್ಲಿ ಸ್ವಲ್ಪ ಎಳೆದಾಟವಾಯಿತು. ಮಾಲೀಕ ಹಳೆಯ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಹೊಸ ನಂಬರ್ ಬರೆದುಕೊಡುತ್ತೇನೆ ಅಂದ. ಅದು ಸಾಲದು. ಆರು ತಿಂಗಳ ಮೇಲೆ ವಾರಂಟಿಗೆ ಹೋದಾಗ ಪೆನ್ನಿನ ಬರಹವನ್ನು ಸೆಂಟರಿನವರು ಒಪ್ಪದೆಯೂ ಇರಬಹುದು. ಹಳೆಯ ಬಿಲ್ ರದ್ದು ಮಾಡಿ, ಹೊಸ ಐಎಂಇಐ ಇರುವ ಬಿಲ್ಲನ್ನು ಕಂಪ್ಯೂಟರಿನಲ್ಲೇ ತೆಗೆಸಿದೆವು, ಹೊಸ ತಾರೀಖಿಗೆ. ವಾರಂಟಿ ಆ ತಾರೀಖಿನಿಂದ ಶುರುವಾಗುತ್ತದೆ. ಹಳೆಯ ಬಿಲ್ಲಿನ ಝೆರಾಕ್ಸ್, ಸಿಕ್ಕಾ ಬಿದ್ದ ಪತ್ರ, ಜಾಬ್ ಶೀಟ್, ಸರ್ಟಿಫಿಕೇಟಿನ ಫೋಟೋ ಎಲ್ಲ ಕಾಕಾನ ತೋಟದ ಕಾಗದಗಳ ಫೈಲಿನಲ್ಲಿವೆ, ಪಂಪ್‌ಸೆಟ್ಟಿನ ರಸೀದಿಯ ಪಕ್ಕದಲ್ಲಿ.